ಮೂರು ತಿಂಗಳ ರಜೆ ಕೇಳಿದ ಅರ್ಜಿ ಮೂರು ವಾರಕ್ಕೆ ಇಳಿದ ಬಗೆ: ಒಂದು ಪ್ರಕರಣ ಅಧ್ಯಯನ

ವಿದೇಶದ ಇಂಟರ್ನ್‌ಶಿಪ್‌ಗೆ ಹೋಗಲು ವಿದ್ಯಾರ್ಥಿಯೊಬ್ಬ ರಜೆ ಕೇಳಿದ ಈ ಪ್ರಕರಣ ನಡೆದದ್ದು ಬಳ್ಳಾರಿ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಕಾಲೇಜು, ವಿದ್ಯಾರ್ಥಿ, ಅಧ್ಯಾಪಕರು, ಕರೆಸಿಕೊಂಡ ವಿದೇಶಿ ಪ್ರಯೋಗಾಲಯ, ಯಾರ ಗುರುತೂ ಇಲ್ಲಿಲ್ಲ. ದಿನಾಂಕಗಳನ್ನು ಮಾತ್ರ ವರ್ಷ ಹೇಳದೆ ಕೊಟ್ಟಿದೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ದಿನಾಂಕಗಳ ಮೇಲೆ.

ಹಿನ್ನೆಲೆ

ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತ, ಸ್ವಾಯತ್ತ ಅಲ್ಲ. ಈ ಒಂದು ಮಾತು ಮುಂದಿನ ಎಲ್ಲಕ್ಕೂ ಮುಖ್ಯ. ಸ್ವಾಯತ್ತ ಕಾಲೇಜಾದರೆ ಪರೀಕ್ಷೆಯ ವೇಳಾಪಟ್ಟಿ ಕಾಲೇಜಿನದೇ. ಸಂಯೋಜಿತ ಕಾಲೇಜಿಗೆ ಸೆಮಿಸ್ಟರ್ ಆರಂಭದ ದಿನ, ಕೊನೆಯ ದಿನ, ಪರೀಕ್ಷೆಯ ದಿನ ಎಲ್ಲವೂ ಬೆಳಗಾವಿಯ ವಿಶ್ವವಿದ್ಯಾಲಯದಿಂದ ಬರುತ್ತವೆ. ವಿಭಾಗದ ಮುಖ್ಯಸ್ಥರಾಗಲಿ ಪ್ರಾಂಶುಪಾಲರಾಗಲಿ ಅದನ್ನು ಒಂದು ದಿನವೂ ಅಲುಗಿಸುವಂತಿಲ್ಲ.

ವಿದ್ಯಾರ್ಥಿ ಎಲೆಕ್ಟ್ರಿಕಲ್ ವಿಭಾಗದ ಆರನೇ ಸೆಮಿಸ್ಟರ್‌ನವನು. ತಂದೆ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ಹುಡುಗ ಬಿಸಿಎಂ ಹಾಸ್ಟೆಲ್‌ನಲ್ಲಿದ್ದ. ಫೆಬ್ರುವರಿಯಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಪವರ್ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಿಂದ ಅವನಿಗೆ ಆಯ್ಕೆಯ ಮೇಲ್ ಬಂತು. ಮೇ 19ರಿಂದ ಆಗಸ್ಟ್ 10ರವರೆಗೆ 12 ವಾರಗಳ ಸಂಶೋಧನಾ ಇಂಟರ್ನ್‌ಶಿಪ್. ಊಟ ವಸತಿಗೆ ಪ್ರಯೋಗಾಲಯದಿಂದಲೇ ಮಾಸಿಕ ನೆರವು.

ವಿಭಾಗದಲ್ಲಿ ಇಂಟರ್ನ್‌ಶಿಪ್ ಅರ್ಜಿಗೆ ಒಂದು ಸಿದ್ಧ ನಮೂನೆ ಇತ್ತು. ಕುಡತಿನಿಯ ವಿದ್ಯುತ್ ಸ್ಥಾವರಕ್ಕೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಸೆಮಿಸ್ಟರ್ ರಜೆಯಲ್ಲಿ ಹೋಗುವವರಿಗೆ ಮಾಡಿದ್ದು. ಹೆಸರು, ಯುಎಸ್‌ಎನ್ ಎಂಬ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಕಾರ್ಖಾನೆಯ ಹೆಸರು, ಎಷ್ಟು ವಾರ, ಸಹಿ, ಅಷ್ಟೇ. ಊರಿನ ಪಕ್ಕದ ಕಾರ್ಖಾನೆಗೆ ರಜೆಯಲ್ಲಿ ಹೋಗಿಬರುವವನಿಗೆ ಅದು ಸಾಕು. ತರಗತಿ, ಪರೀಕ್ಷೆ, ವೀಸಾ ಮೂರರ ನಡುವೆ ಸಿಕ್ಕವನಿಗೆ ಸಾಲದು. ವಿದ್ಯಾರ್ಥಿ ಆ ನಮೂನೆಯನ್ನೇ ತಿದ್ದಿ ಮೊದಲ ಅರ್ಜಿ ಬರೆದ. ಅವನಿಗೆ ಬೇರೆ ಮಾದರಿ ಯಾರೂ ತೋರಿಸಿರಲಿಲ್ಲ, ಹಾಗಾಗಿ ತಪ್ಪು ಅವನೊಬ್ಬನದೇ ಎನ್ನಲಾಗದು.

ಮೊದಲ ಅರ್ಜಿ ಮತ್ತು ಅದು ಹಿಂದಿರುಗಿದ್ದು

ಮೊದಲ ಅರ್ಜಿ ಒಂದೂವರೆ ಪುಟ ಇತ್ತು. ಅದರಲ್ಲಿ ಒಂದು ಪುಟ ಈ ಅವಕಾಶ ಎಷ್ಟು ಅಪರೂಪದ್ದು, ಮನೆಯ ಪರಿಸ್ಥಿತಿ ಹೇಗಿದೆ, ಕಾಲೇಜಿಗೆ ಇದರಿಂದ ಎಷ್ಟು ಹೆಸರು ಬರುತ್ತದೆ ಎಂಬ ವಿವರ. ಕೋರಿಕೆ ಕೊನೆಯ ಸಾಲಿನಲ್ಲಿತ್ತು: 'ಆದ್ದರಿಂದ ದಯವಿಟ್ಟು ನನಗೆ ಮೂರು ತಿಂಗಳ ರಜೆ ಮಂಜೂರು ಮಾಡಿ, ಹಾಜರಾತಿ ಕೊಟ್ಟು, ಈ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ನೀಡಬೇಕಾಗಿ ವಿನಂತಿ.' ಜೊತೆಗೆ ಲಗತ್ತಿಸಿದ್ದು ಮೊಬೈಲಿನಲ್ಲಿ ತೆಗೆದ ಮೇಲ್‌ನ ಸ್ಕ್ರೀನ್‌ಶಾಟ್. ಎಂದಿನಿಂದ ಎಂದಿನವರೆಗೆ ಎಂಬುದು ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.

ನಾಲ್ಕನೇ ದಿನ ಅರ್ಜಿ ಹಿಂದೆ ಬಂತು. ಅಂಚಿನಲ್ಲಿ ವಿಭಾಗದ ಮುಖ್ಯಸ್ಥರ ಷರಾ: 'ಅವಕಾಶವಿಲ್ಲ. ಬಂದು ಭೇಟಿಯಾಗುವುದು.'

ಇಂಥ ಷರಾ ನೋಡಿದ ಬಹಳಷ್ಟು ವಿದ್ಯಾರ್ಥಿಗಳು ಅದರ ಮೊದಲ ಪದದಲ್ಲೇ ನಿಂತುಬಿಡುತ್ತಾರೆ. ಕೆಲವರು ನೇರ ಪ್ರಾಂಶುಪಾಲರ ಬಳಿ ಹೋಗುತ್ತಾರೆ, ಕೆಲವರು ಪರಿಚಯದವರಿಂದ ಫೋನ್ ಮಾಡಿಸುತ್ತಾರೆ. ಎರಡೂ ದಾರಿಯಲ್ಲಿ ಕಾಗದ ತಿರುಗಿ ಅದೇ ಮೇಜಿಗೆ ಬರುತ್ತದೆ, ಈ ಸಲ ಮನಸ್ತಾಪದೊಂದಿಗೆ. ಈ ಹುಡುಗ ಷರಾದ ಎರಡನೇ ವಾಕ್ಯವನ್ನು ನಂಬಿ ತನ್ನ ಮೆಂಟರ್ ಜೊತೆ ಹೋಗಿ ಭೇಟಿಯಾದ. ಪ್ರಕರಣದ ಮೊದಲ ತಿರುವು ಅದು.

ಮುಖ್ಯಸ್ಥೆಯ ಮಾತು ನೇರವಾಗಿತ್ತು. 'ನೋಡಪಾ, ಇದರಾಗ ನೀ ಮೂರು ಕೇಳೀದಿ. ರಜಾ ಒಂದು, ಹಾಜರಾತಿ ಒಂದು, ಕ್ರೆಡಿಟ್ ಒಂದು. ಮೂರೂ ನನ್ನ ಕೈಯಾಗಿಲ್ಲ. ಅದು ಬಿಡು. ಜೂನ್‌ದಾಗ ನಿನ್ನ ಪರೀಕ್ಷಾ ಯಾರು ಬರೀತಾರ?'

'ಮುಂದಿನ ಸಲ ಬರೀತೀನಿ ಮೇಡಂ' ಎಂದು ಹುಡುಗ ಹೇಳಿದ.

'ಏಳನೇ ಸೆಮ್ಮಿಗೆ ಕಂಪನಿಗಳು ಬರ್ತಾವು. ಬ್ಯಾಕ್ ಇದ್ದೋರನ್ನ ಒಳಗ ಬಿಡೂದಿಲ್ಲ ಅಂತಾರ. ಅವಾಗ ಏನು ಮಾಡ್ತಿ?'

ಸಮಸ್ಯೆ ನಿಜಕ್ಕೂ ಎಲ್ಲಿತ್ತು

ಆರನೇ ಸೆಮಿಸ್ಟರ್‌ನ ತರಗತಿಗಳ ಕೊನೆಯ ದಿನ ಜೂನ್ 7. ಪ್ರಾಯೋಗಿಕ ಪರೀಕ್ಷೆ ಜೂನ್ 9ರಿಂದ, ಲಿಖಿತ ಪರೀಕ್ಷೆ ಜೂನ್ 23ರಿಂದ ಜುಲೈ 12ರವರೆಗೆ. ಮೇ 19ಕ್ಕೆ ಹೊರಟರೆ ಕೊನೆಯ ಮೂರು ವಾರದ ತರಗತಿ ಹೋಗುತ್ತದೆ. ಎರಡನೇ ಆಂತರಿಕ ಪರೀಕ್ಷೆಯನ್ನು ಪಠ್ಯಕ್ರಮ ಸುಮಾರು 85ರಿಂದ 90ರಷ್ಟು ಮುಗಿದ ಮೇಲೆ ನಡೆಸುವುದರಿಂದ ಅದೂ ಹೋಗುತ್ತದೆ. ಪ್ರಾಯೋಗಿಕವೂ ಲಿಖಿತವೂ ಪೂರ್ತಿ ಹೋಗುತ್ತವೆ. ಯಾವ ಅಧಿಕಾರಿ ಎಂಥ ರಜೆ ಕೊಟ್ಟರೂ ಇದು ತುಂಬಿಬರುವ ನಷ್ಟವಲ್ಲ. ಹಾಜರಾತಿಯ ಕೊರತೆಗೆ ಮನ್ನಾ ಎಂಬುದೊಂದಿದೆ, ಬರೆಯದ ಪರೀಕ್ಷೆಗೆ ಮನ್ನಾ ಇಲ್ಲ.

ಹೀಗಾಗಿ ಪ್ರಶ್ನೆ 'ರಜೆ ಸಿಗುತ್ತದೆಯೋ ಇಲ್ಲವೋ' ಎಂಬುದರಿಂದ 'ಕೊರತೆ ಎಲ್ಲಿ ಬಿದ್ದರೆ ಸರಿಪಡಿಸಬಹುದು' ಎಂಬಲ್ಲಿಗೆ ಬಂತು. ಉತ್ತರ ಮೆಂಟರ್‌ಗೆ ಬೇಗ ಹೊಳೆಯಿತು: ಸೆಮಿಸ್ಟರ್‌ನ ಮೊದಲ ವಾರಗಳಲ್ಲಿ. ಆಗ ಆಂತರಿಕ ಪರೀಕ್ಷೆ ಇರುವುದಿಲ್ಲ, ಮೊದಲನೆಯದು ನಡೆಯುವುದೇ ಪಠ್ಯ ಅರ್ಧದ ಹತ್ತಿರ ಬಂದಾಗ. ತಪ್ಪಿದ ಪಾಠ ಓದಿಕೊಳ್ಳಲು ಮುಂದೆ ಎರಡು ತಿಂಗಳು ಉಳಿದಿರುತ್ತದೆ. ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಜುಲೈ ನಡುವಿನಲ್ಲಿ ಹೊರಟು, ಏಳನೆಯದರ ಮೊದಲ ಕೆಲವು ವಾರ ತಪ್ಪಿಸಿಕೊಳ್ಳುವುದು ಎಂದು ಯೋಚನೆ ತಿರುಗಿತು. ಕೆಲವು ವಾರ ಎಂದರೆ ಎಷ್ಟು?

ವಿಶ್ವವಿದ್ಯಾಲಯದ ನಿಯಮದಂತೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 85 ಹಾಜರಾತಿ ಬೇಕು. ಸಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ವಿಶ್ವವಿದ್ಯಾಲಯ ಶೇ 10ರವರೆಗಿನ ಕೊರತೆಯನ್ನು ಮನ್ನಾ ಮಾಡಬಹುದು. ಅಂದರೆ ಶೇ 75 ಕೊನೆಯ ಗೆರೆ, ಅದರ ಕೆಳಗೆ ಯಾರ ಸಹಿಯೂ ನಡೆಯದು. ಇಲ್ಲಿ 'ಪ್ರತಿ ವಿಷಯದಲ್ಲೂ' ಎಂಬ ಪದ ಗಮನಿಸಬೇಕು. ಎಲ್ಲ ವಿಷಯಗಳ ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ, ಒಂದೇ ವಿಷಯ ಕೆಳಗಿಳಿದರೂ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ.

ಮೆಂಟರ್ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 40 ತಾಸಿನ ವಿಷಯಕ್ಕೆ ವಾರಕ್ಕೆ ಮೂರು ತರಗತಿ. ಎರಡು ವಾರ ತಪ್ಪಿದರೆ ಆರು ತಾಸು ಹೋಗಿ 34 ಉಳಿಯುತ್ತದೆ, ಸರಿಯಾಗಿ ಶೇ 85. ಮೂರು ವಾರ ತಪ್ಪಿದರೆ 31, ಶೇ 77.5. ನಾಲ್ಕು ವಾರವಾದರೆ 28, ಶೇ 70, ಮುಗಿಯಿತು. 50 ತಾಸಿನ ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿ. ಮೂರು ವಾರದಲ್ಲಿ 12 ಹೋಗಿ 38 ಉಳಿದರೆ ಶೇ 76. ಗೆರೆಗಿಂತ ಒಂದೇ ಒಂದು ಅಂಕ ಮೇಲೆ. ಮೂರು ವಾರವೇ ಮೇಲ್ಮಿತಿ, ಅದೂ ಉಳಿದ ಸೆಮಿಸ್ಟರ್‌ನಲ್ಲಿ ಒಂದು ದಿನವೂ ತಪ್ಪದಿದ್ದರೆ.

ಈ ಐದು ನಿಮಿಷದ ಲೆಕ್ಕ ಮೊದಲ ಅರ್ಜಿಗಿಂತ ಮೊದಲು ಆಗಿದ್ದರೆ ಎರಡು ವಾರ ಉಳಿಯುತ್ತಿತ್ತು. ವಿದೇಶದ ಆಹ್ವಾನ ಕೈಗೆ ಬಂದ ದಿನ ಬರೆಯಬೇಕಾದ ಮೊದಲ ಕಾಗದ ಇದೇ, ಅರ್ಜಿ ಆಮೇಲೆ.

ಆತಿಥೇಯರಿಗೆ ಬರೆದ ಮೇಲ್

ಮೂರು ವಾರ ಎಂಬ ಅಂಕಿಯೂ ಏಳನೇ ಸೆಮಿಸ್ಟರ್ ಸೆಪ್ಟೆಂಬರ್ ಮೊದಲಲ್ಲಿ ಶುರುವಾಗಬಹುದೆಂಬ ಅಂದಾಜೂ ಕೈಯಲ್ಲಿದ್ದುದರಿಂದ ಆತಿಥೇಯ ಪ್ರಾಧ್ಯಾಪಕರಿಗೆ ಬರೆಯುವುದು ಸುಲಭವಾಯಿತು. ವಿದ್ಯಾರ್ಥಿ 'ದಿನಾಂಕ ಬದಲಿಸಬಹುದೇ' ಎಂದಷ್ಟೇ ಕೇಳಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆ ಜುಲೈ 12ಕ್ಕೆ ಮುಗಿಯುತ್ತದೆ, ಸೆಪ್ಟೆಂಬರ್ ಕೊನೆಯ ವಾರಕ್ಕೆ ನಾನು ಕಾಲೇಜಿನಲ್ಲಿರಬೇಕು, ನಡುವೆ ಹತ್ತು ವಾರ ಸಿಗುತ್ತದೆ ಎಂದು ಬರೆದು ಎರಡು ದಾರಿ ಮುಂದಿಟ್ಟ. ಒಂದು, ಜುಲೈ 16ರಿಂದ ಸೆಪ್ಟೆಂಬರ್ 23ರವರೆಗೆ ಹತ್ತು ವಾರ ಅಲ್ಲಿದ್ದು ಕೊನೆಯ ಎರಡು ವಾರದ ವರದಿ ಬರವಣಿಗೆಯನ್ನು ಇಲ್ಲಿಂದ ಮಾಡುವುದು. ಇನ್ನೊಂದು, ಕೆಲಸವನ್ನೇ ಹತ್ತು ವಾರಕ್ಕೆ ಇಳಿಸುವುದು. ಮೂರನೇ ದಿನ ಉತ್ತರ ಬಂತು, ಮೊದಲ ದಾರಿಗೆ ಒಪ್ಪಿಗೆ. ಹೊಸ ದಿನಾಂಕದ ಆಹ್ವಾನ ಪತ್ರವನ್ನು ವಿಶ್ವವಿದ್ಯಾಲಯದ ಲೆಟರ್‌ಹೆಡ್‌ನಲ್ಲಿ, ಸಹಿಯೊಂದಿಗೆ, ಪಿಡಿಎಫ್ ಆಗಿ ಕಳಿಸಿದರು.

ಪ್ರಯೋಗಾಲಯದ ಸ್ವಂತ ಹಣವಾದ್ದರಿಂದ ಇಲ್ಲಿ ದಿನಾಂಕ ಸರಿಸಲು ಸಾಧ್ಯವಾಯಿತು. ನಿಗದಿತ ವಿದ್ಯಾರ್ಥಿವೇತನ ಯೋಜನೆಗಳಲ್ಲಿ ಕನಿಷ್ಠ ಅವಧಿ, ಆರಂಭದ ತಿಂಗಳು ಮೊದಲೇ ಬಿಗಿಯಾಗಿರುತ್ತವೆ. ಅಲ್ಲಿ ಪ್ರಾಧ್ಯಾಪಕರು ಒಪ್ಪಿದರೂ ಯೋಜನೆ ಒಪ್ಪಬೇಕು, ಆದ್ದರಿಂದ ಕೇಳುವ ಮೊದಲು ಅದರ ಷರತ್ತು ಓದಿಕೊಳ್ಳಬೇಕು.

ಎರಡನೇ ಅರ್ಜಿ

ಈಗ ಅರ್ಜಿ ಬರೆಯುವ ಕೆಲಸ. ಒಂದು ತೊಡಕು ಉಳಿದಿತ್ತು: ಮಾರ್ಚ್‌ನಲ್ಲಿ ಏಳನೇ ಸೆಮಿಸ್ಟರ್‌ನ ವೇಳಾಪಟ್ಟಿ ಇನ್ನೂ ಪ್ರಕಟವಾಗಿರಲಿಲ್ಲ. ಯಾವ ದಿನ ತರಗತಿ ಶುರುವಾಗುತ್ತದೆ ಎಂದು ಗೊತ್ತಿಲ್ಲದೆ ಯಾವ ದಿನಾಂಕಕ್ಕೆ ರಜೆ ಕೇಳುವುದು? ಮುಖ್ಯಸ್ಥೆ ಇದನ್ನು ಎರಡು ಹಂತ ಮಾಡಿಸಿದರು. ಮಾರ್ಚ್‌ನ ಅರ್ಜಿಯಲ್ಲಿ ತಾತ್ವಿಕ ಒಪ್ಪಿಗೆ, 'ಮೂರು ವಾರ ಮೀರದಂತೆ' ಎಂಬ ಮಿತಿಯೊಂದಿಗೆ. ವೇಳಾಪಟ್ಟಿ ಬಂದ ಮೇಲೆ ನಿಖರ ದಿನಾಂಕದ ಇನ್ನೊಂದು ಚಿಕ್ಕ ಅರ್ಜಿ. ಸೆಮಿಸ್ಟರ್ ಮುಂಚೆಯೇ ಶುರುವಾದರೆ ಏನು ಎಂಬ ಪ್ರಶ್ನೆಗೆ ವಿದ್ಯಾರ್ಥಿ ಅರ್ಜಿಯಲ್ಲೇ ಉತ್ತರ ಬರೆದ. ಅದಕ್ಕೆ ತಕ್ಕಂತೆ ದಿನಾಂಕ ಬದಲಿಸಲು ಬರುವ ವಿಮಾನ ಟಿಕೆಟನ್ನೇ ಕೊಂಡ. ಅಗ್ಗದ ಟಿಕೆಟಿಗಿಂತ ಅದಕ್ಕೆ ಹೆಚ್ಚು ಹಣ ಹೋಯಿತು, ಆದರೆ ಆ ಟಿಕೆಟ್ ಇಲ್ಲದಿದ್ದರೆ ಅರ್ಜಿಯಲ್ಲಿ ಕೊಟ್ಟ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ಅರ್ಜಿ ಕೊನೆಗೆ ಒಂದೇ ಪುಟಕ್ಕೆ ನಿಂತಿತು. ವೀಸಾ ಕಡತಕ್ಕೂ ಪ್ರತಿ ಬೇಕಾಗಬಹುದೆಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ಕನ್ನಡದಲ್ಲಿ ಅದು ಹೀಗಿದೆ:

ಇಂದ: (ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆ, ಕಾಲೇಜು ದಾಖಲೆಯಲ್ಲಿರುವ ಹೆಸರು), ಯುಎಸ್‌ಎನ್, 6ನೇ ಸೆಮಿಸ್ಟರ್
ಗೆ: ವಿಭಾಗದ ಮುಖ್ಯಸ್ಥರು, ಎಲೆಕ್ಟ್ರಿಕಲ್ ವಿಭಾಗ
ಮೂಲಕ: ಮೆಂಟರ್

ವಿಷಯ: ವಿದೇಶದಲ್ಲಿ ಸಂಶೋಧನಾ ಇಂಟರ್ನ್‌ಶಿಪ್‌ಗೆ ತಾತ್ವಿಕ ಒಪ್ಪಿಗೆ ಮತ್ತು 7ನೇ ಸೆಮಿಸ್ಟರ್ ಆರಂಭದಲ್ಲಿ ಮೂರು ವಾರ ಮೀರದ ರಜೆ ಕೋರಿ.
ಉಲ್ಲೇಖ: ಆತಿಥೇಯ ವಿಶ್ವವಿದ್ಯಾಲಯದ ಪರಿಷ್ಕೃತ ಆಹ್ವಾನ ಪತ್ರ, ದಿನಾಂಕ ಸಹಿತ.

ಮಾನ್ಯರೇ,

ಉಲ್ಲೇಖಿತ ಪತ್ರದಂತೆ ನಾನು ಜುಲೈ 16ರಿಂದ ಸೆಪ್ಟೆಂಬರ್ 23ರವರೆಗೆ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೇನೆ. ಪ್ರಯಾಣ ಸೇರಿ ಜುಲೈ 14ರಿಂದ ಸೆಪ್ಟೆಂಬರ್ 25ರವರೆಗೆ ಊರಿನಲ್ಲಿರುವುದಿಲ್ಲ. 6ನೇ ಸೆಮಿಸ್ಟರ್‌ನ ಎಲ್ಲ ತರಗತಿ, ಆಂತರಿಕ ಮತ್ತು ಅಂತಿಮ ಪರೀಕ್ಷೆಗಳನ್ನು ಮುಗಿಸಿಯೇ ಹೊರಡುತ್ತೇನೆ.

7ನೇ ಸೆಮಿಸ್ಟರ್‌ನ ಮೊದಲ ಕೆಲವು ತರಗತಿಗಳು ತಪ್ಪಲಿವೆ. ವಿಷಯವಾರು ತಪ್ಪುವ ತಾಸು ಮತ್ತು ಉಳಿಯುವ ಹಾಜರಾತಿಯ ಲೆಕ್ಕವನ್ನು ಲಗತ್ತಿಸಿದೆ. ಯಾವ ವಿಷಯದಲ್ಲೂ ಅದು ಶೇ 75ಕ್ಕಿಂತ ಕೆಳಗಿಳಿಯುವುದಿಲ್ಲ. ವೇಳಾಪಟ್ಟಿ ಪ್ರಕಟವಾದ ಕೂಡಲೇ ನಿಖರ ದಿನಾಂಕದ ಅರ್ಜಿ ಸಲ್ಲಿಸುತ್ತೇನೆ. ಸೆಮಿಸ್ಟರ್ ನಿರೀಕ್ಷೆಗಿಂತ ಮುಂಚೆ ಆರಂಭವಾದರೆ, ಆರಂಭವಾದ ಮೂರು ವಾರದೊಳಗೆ ಹಿಂದಿರುಗಿ ಹಾಜರಾಗುತ್ತೇನೆ. ತಪ್ಪಿದ ಮೂರು ಪ್ರಯೋಗಗಳನ್ನು ಅಧ್ಯಾಪಕರು ಸೂಚಿಸಿದ ಶನಿವಾರಗಳಲ್ಲಿ ಮಾಡುತ್ತೇನೆ.

ಆದ್ದರಿಂದ (1) ಈ ಇಂಟರ್ನ್‌ಶಿಪ್‌ಗೆ ತಾತ್ವಿಕ ಒಪ್ಪಿಗೆ ನೀಡಿ, (2) ಮೇಲಿನ ಮಿತಿಯಲ್ಲಿ ರಜೆ ಹಾಗೂ ಹಾಜರಾತಿ ಮನ್ನಾಕ್ಕೆ ಪ್ರಾಂಶುಪಾಲರಿಗೆ ಶಿಫಾರಸು ಮಾಡಬೇಕಾಗಿ ಕೋರುತ್ತೇನೆ.

ವಿದ್ಯಾರ್ಥಿಯ ಸಹಿ, ತಂದೆಯ ಸಹಿ
ಲಗತ್ತು: ಆಹ್ವಾನ ಪತ್ರ, ಹಾಜರಾತಿ ಲೆಕ್ಕ, 5ನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ

ಕೋರಿಕೆಯ ಕ್ರಿಯಾಪದ 'ಮಂಜೂರು ಮಾಡಿ' ಎಂಬುದರಿಂದ 'ಶಿಫಾರಸು ಮಾಡಿ' ಎಂದು ಬದಲಾಗಿದೆ. ಇದು ಬರೀ ಸೌಜನ್ಯದ ಮಾತಲ್ಲ. ಮುಖ್ಯಸ್ಥರಿಗೆ ಇರುವ ಅಧಿಕಾರ ಶಿಫಾರಸು ಮಾಡುವುದು. ರಜೆ ಪ್ರಾಂಶುಪಾಲರದು, ಮನ್ನಾ ವಿಶ್ವವಿದ್ಯಾಲಯದ್ದು. ಇಲ್ಲದ ಅಧಿಕಾರವನ್ನು ಬಳಸಿ ಎಂದು ಕೇಳಿದರೆ ಒಳ್ಳೆಯ ಮನಸ್ಸಿನ ಮುಖ್ಯಸ್ಥರೂ 'ಅವಕಾಶವಿಲ್ಲ' ಎಂದೇ ಬರೆಯಬೇಕಾಗುತ್ತದೆ. ಇರುವ ಅಧಿಕಾರವನ್ನು ಕೇಳಿದ್ದಕ್ಕೆ ಈ ಸಲ ಷರಾ ಅದೇ ದಿನ ಬಂತು: 'ಲೆಕ್ಕ ಪರಿಶೀಲಿಸಿದೆ. ಶಿಫಾರಸಿನೊಂದಿಗೆ ಕಳುಹಿಸಿದೆ.'

ಇನ್ನೊಂದು ಬದಲಾವಣೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಊರಿನಲ್ಲಿರದ ದಿನಗಳು ಜುಲೈ 14ರಿಂದ ಸೆಪ್ಟೆಂಬರ್ 25ರವರೆಗೆ ಎರಡು ತಿಂಗಳು ಮೀರಿವೆ, ಆದರೆ ರಜೆ ಕೇಳಿದ್ದು ಮೂರೇ ವಾರಕ್ಕೆ. ಉಳಿದದ್ದೆಲ್ಲ ಸೆಮಿಸ್ಟರ್‌ಗಳ ನಡುವಿನ ಬಿಡುವು, ಅದಕ್ಕೆ ರಜೆ ಬೇಕಿಲ್ಲ. ಮೊದಲ ಅರ್ಜಿಯಲ್ಲಿ 'ಮೂರು ತಿಂಗಳು' ಎಂದು ಓದಿದ ಮುಖ್ಯಸ್ಥೆಗೆ ಕಂಡದ್ದು ಇಡೀ ಒಂದು ಸೆಮಿಸ್ಟರ್ ಮಾಯವಾಗುವ ಚಿತ್ರ.

ಕ್ರೆಡಿಟ್‌ನ ಮಾತನ್ನು ಅರ್ಜಿಯಿಂದ ಪೂರ್ತಿ ತೆಗೆದರು. ಮುಗಿಸಿದ ಪ್ರಮಾಣಪತ್ರ, ವರದಿ ಇಲ್ಲದೆ ಅದನ್ನು ಯಾರೂ ತೀರ್ಮಾನಿಸಲಾರರು. ಹಿಂದಿರುಗಿದ ಮೇಲೆ ಬೇರೆ ಅರ್ಜಿ ಕೊಡುವುದೇ ಸರಿ.

ಎನ್‌ಒಸಿಯಲ್ಲಿ ಆದ ಎಡವಟ್ಟು

ವೀಸಾಗೆ ಬೇಕಾದದ್ದು ಈ ಅರ್ಜಿಯಲ್ಲ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಸಹಿ ಮೊಹರು ಇರುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಈತ ನಮ್ಮ ವಿದ್ಯಾರ್ಥಿ, ಇಂತಿಂಥ ದಿನಾಂಕಗಳಲ್ಲಿ ಅಲ್ಲಿಗೆ ಹೋಗಲು ಅಡ್ಡಿಯಿಲ್ಲ, ಹಿಂದಿರುಗಿ ವ್ಯಾಸಂಗ ಮುಂದುವರಿಸುತ್ತಾನೆ ಎಂಬ ಮೂರು ಮಾತು ಅದರಲ್ಲಿರಬೇಕು. ಯಾವ ಬಗೆಯ ವೀಸಾ ಎಂಬುದನ್ನು ಆತಿಥೇಯ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಕಚೇರಿಯನ್ನೇ ಕೇಳಿ ಖಚಿತಪಡಿಸಿಕೊಂಡಿದ್ದ. ಅಲ್ಪಾವಧಿಯ ಷೆಂಗೆನ್ ವೀಸಾ ಎಂದು ತಿಳಿಸಿದ್ದರು. ಅದರ ಮಿತಿ 180 ದಿನಗಳಲ್ಲಿ 90 ದಿನ, ಇಳಿದ ದಿನ ಮತ್ತು ಹೊರಟ ದಿನ ಎರಡೂ ಲೆಕ್ಕಕ್ಕೆ. ಜುಲೈ 15ಕ್ಕೆ ಇಳಿದು ಸೆಪ್ಟೆಂಬರ್ 24ಕ್ಕೆ ಹೊರಟರೆ 72 ದಿನ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆಯೂ ಇದೇ ದಿನಗಳನ್ನು ಪೂರ್ತಿ ಒಳಗೊಳ್ಳಬೇಕು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಸ್ವತಃ ಹೋಗಬೇಕಿತ್ತು. ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿತ್ತು. ಹೊರಡುವ ಹಿಂದಿನ ದಿನ ಕಾಗದಗಳನ್ನು ಜೋಡಿಸುತ್ತಿದ್ದಾಗ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ ಎನ್‌ಒಸಿಯ ಮೇಲೆ ಬೆರಳಿಟ್ಟು ಕೇಳಿದರು: 'ತಮ್ಮಾ, ಇದರಾಗ ಮೇ 19 ಐತಲ್ಲ, ನಿನ್ನ ಆಹ್ವಾನದಾಗ ಜುಲೈ ಐತಿ.'

ಫೆಬ್ರುವರಿಯಲ್ಲೇ, ಮೊದಲ ಅರ್ಜಿಯ ಜೊತೆ, ವಿದ್ಯಾರ್ಥಿ ಎನ್‌ಒಸಿಯ ಕರಡು ಕೊಟ್ಟಿದ್ದ. ಕಚೇರಿಯ ಕಂಪ್ಯೂಟರ್‌ನಲ್ಲಿ ಉಳಿದಿದ್ದ ಆ ಕರಡನ್ನೇ ಮುದ್ರಿಸಿ ಸಹಿಗೆ ಇಟ್ಟಿದ್ದರು. ಹೆಸರು, ಯುಎಸ್‌ಎನ್ ಎಲ್ಲ ಸರಿ ಇದ್ದುದರಿಂದ ಸಹಿ ಹಾಕುವವರಿಗೂ ಅನುಮಾನ ಬಂದಿರಲಿಲ್ಲ. ಆಹ್ವಾನ ಪತ್ರ ಒಂದು ದಿನಾಂಕ, ಕಾಲೇಜಿನ ಪತ್ರ ಇನ್ನೊಂದು ದಿನಾಂಕ ಹೇಳಿದರೆ ವೀಸಾ ಅಧಿಕಾರಿಗೆ ಎರಡರಲ್ಲಿ ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಹೇಳಲು ವಿದ್ಯಾರ್ಥಿ ಎದುರಿಗೆ ಇರುವುದಿಲ್ಲ. ಸಂಜೆ ಐದಕ್ಕೆ ಪ್ರಾಂಶುಪಾಲರು ಸಭೆಯಿಂದ ಬಂದ ಮೇಲೆ ಹೊಸ ಪತ್ರಕ್ಕೆ ಸಹಿಯಾಯಿತು. ಹಳೆಯದನ್ನು ಆವಕ-ಜಾವಕ ವಹಿಯಲ್ಲಿ ರದ್ದು ಎಂದು ಗುರುತಿಸಿ, ಹೊಸದಕ್ಕೆ ಹೊಸ ಸಂಖ್ಯೆ ಕೊಟ್ಟರು. ಇದು ಅಗತ್ಯ, ಇಲ್ಲದಿದ್ದರೆ ಒಂದೇ ವಿಷಯಕ್ಕೆ ಕಾಲೇಜಿನ ಎರಡು ಜೀವಂತ ಪತ್ರಗಳು ಉಳಿಯುತ್ತವೆ.

ಹೆಸರಿನ ವಿಷಯ ಇಲ್ಲಿ ಸರಿಹೋಗಿತ್ತು, ಅರ್ಜಿಯಲ್ಲೇ ಎರಡೂ ರೂಪ ಬರೆದಿದ್ದರಿಂದ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಪೂರ್ತಿ ಬರೆದಿರುತ್ತದೆ. ಎನ್‌ಒಸಿಯಲ್ಲಿ ಪಾಸ್‌ಪೋರ್ಟ್‌ನ ಹೆಸರು ಮತ್ತು ಸಂಖ್ಯೆ ಇರಬೇಕು, ಕಾಲೇಜು ದಾಖಲೆಯ ರೂಪ ಪಕ್ಕದಲ್ಲಿ.

ಹೋಗಿ ಬಂದ ಮೇಲೆ

ಏಳನೇ ಸೆಮಿಸ್ಟರ್ ಸೆಪ್ಟೆಂಬರ್ 5ಕ್ಕೆ ಶುರುವೆಂದು ವೇಳಾಪಟ್ಟಿ ಬಂತು. 5ರಿಂದ 25ರವರೆಗೆ ಸರಿಯಾಗಿ ಮೂರು ವಾರ. ಎರಡನೇ ಹಂತದ ಚಿಕ್ಕ ಅರ್ಜಿಯನ್ನು ಅಲ್ಲಿಂದಲೇ ಸಹಿ ಮಾಡಿ ಸ್ಕ್ಯಾನ್ ಮಾಡಿ ಕಳಿಸಿದ, ತಂದೆ ಮುದ್ರಿತ ಪ್ರತಿಯನ್ನು ವಿಭಾಗಕ್ಕೆ ತಲುಪಿಸಿ ಸ್ವೀಕೃತಿ ಪಡೆದರು. ಶುಲ್ಕ ಕಟ್ಟಿ ಸೆಮಿಸ್ಟರ್‌ಗೆ ನೋಂದಣಿ ಮಾಡಿಸಲು ತಂದೆಗೆ ಅಧಿಕಾರ ಪತ್ರವನ್ನು ಹೊರಡುವ ಮೊದಲೇ ಬರೆದಿಟ್ಟಿದ್ದ, ಐಚ್ಛಿಕ ವಿಷಯಗಳ ಆಯ್ಕೆ ನಮೂನೆಯನ್ನೂ ತುಂಬಿ ಮೆಂಟರ್ ಕೈಗೆ ಕೊಟ್ಟಿದ್ದ. ನೋಂದಣಿಯೇ ಆಗದವನಿಗೆ ಹಾಜರಾತಿಯ ಮಾತೇ ಬರುವುದಿಲ್ಲ, ಆದರೂ ರಜೆ ಅರ್ಜಿಯ ಗಡಿಬಿಡಿಯಲ್ಲಿ ಹೆಚ್ಚು ಜನ ಮರೆಯುವುದು ಇದನ್ನೇ. ಹಾಸ್ಟೆಲ್ ವಾರ್ಡನ್‌ಗೂ ಮಂಜೂರಾದ ರಜೆಯ ಪ್ರತಿ ಹೋಗಿತ್ತು, ಕೋಣೆ ಉಳಿಯಿತು.

ಸೆಪ್ಟೆಂಬರ್ 26ರ ಬೆಳಿಗ್ಗೆ ತರಗತಿಗೆ ಹಾಜರಾದ. ಎಲ್ಲ ಸರಿ ಎನ್ನುವಷ್ಟರಲ್ಲಿ ಅಕ್ಟೋಬರ್ ಮೊದಲ ವಾರ ನೋಟಿಸ್ ಬೋರ್ಡಿಗೆ ಬಂದ ಹಾಜರಾತಿ ಪಟ್ಟಿಯಲ್ಲಿ 50 ತಾಸಿನ ವಿಷಯದ ಎದುರು ಗೈರು 14 ಎಂದಿತ್ತು, ಲೆಕ್ಕದಲ್ಲಿದ್ದ 12 ಅಲ್ಲ. ಆ ವಿಷಯದ ಅಧ್ಯಾಪಕಿ ಅಕ್ಟೋಬರ್‌ನಲ್ಲಿ ತರಬೇತಿಗೆ ಹೋಗಬೇಕಿದ್ದರಿಂದ ಎರಡು ತರಗತಿಯನ್ನು ಸೆಪ್ಟೆಂಬರ್‌ನಲ್ಲೇ ಬದಲಾಯಿಸಿ ತೆಗೆದುಕೊಂಡಿದ್ದರು. ಯಾರ ತಪ್ಪೂ ಇಲ್ಲ, ಪ್ರತಿ ಸೆಮಿಸ್ಟರ್‌ನಲ್ಲೂ ನಡೆಯುವ ಅದಲುಬದಲು. ಆದರೆ 50ರಲ್ಲಿ 14 ಹೋದರೆ 36, ಅಂದರೆ ಶೇ 72. ಮುಂದೆ ಒಂದೂ ತರಗತಿ ತಪ್ಪಿಸದಿದ್ದರೂ ಅಷ್ಟೇ. ಗೆರೆಯ ಕೆಳಗೆ.

ಮಾರ್ಚ್‌ನಲ್ಲಿ ಮಾಡಿದ ಲೆಕ್ಕದ ದೋಷ ಇಲ್ಲಿ ಬಯಲಾಯಿತು. ಅದು ವೇಳಾಪಟ್ಟಿಯಲ್ಲಿ ಬರೆದ ತರಗತಿಗಳ ಲೆಕ್ಕವಾಗಿತ್ತು. ಹಾಜರಾತಿ ಎಣಿಸುವುದು ನಿಜವಾಗಿ ನಡೆದ ತರಗತಿಗಳ ಮೇಲೆ. ಶೇ 76ಕ್ಕೂ 75ಕ್ಕೂ ನಡುವೆ ಒಂದು ತಾಸಿನಷ್ಟೂ ಎಡೆ ಇರಲಿಲ್ಲ, ಅದನ್ನು ಯಾರೂ ಆಗ ಅಪಾಯವೆಂದು ನೋಡಲಿಲ್ಲ. ಎರಡೂವರೆ ವಾರಕ್ಕೆ ಒಪ್ಪಿ, ಆತಿಥೇಯರಲ್ಲಿ ಮೂರ್ನಾಲ್ಕು ದಿನ ಮುಂಚೆ ಹೊರಡಲು ಕೇಳಿದ್ದರೆ ಈ ಪರಿಸ್ಥಿತಿ ಬರುತ್ತಿರಲಿಲ್ಲ.

ಅಕ್ಟೋಬರ್‌ನಲ್ಲೇ ಕಂಡುಬಂದದ್ದು ಪುಣ್ಯ. ಮೆಂಟರ್ ಲೆಕ್ಕವನ್ನು ತಿರುಗಿಸಿ ಹಾಕಿದರು: ಗೈರು 14 ಆಗಿರುವಾಗ ಅದು ಒಟ್ಟಿನ ಕಾಲುಭಾಗವಾಗಬೇಕಾದರೆ ಒಟ್ಟು 56 ತಾಸು ನಡೆಯಬೇಕು. ಆಗ ಹಾಜರು 42, ಸರಿಯಾಗಿ ಶೇ 75. ಅಧ್ಯಾಪಕಿ ಕಠಿಣ ವಿಷಯವೆಂದು ಹೇಗೂ ಪುನರಾವರ್ತನೆ ತರಗತಿ ತೆಗೆದುಕೊಳ್ಳುವವರೇ ಇದ್ದರು. ನವೆಂಬರ್‌ನಲ್ಲಿ ಇಡೀ ತರಗತಿಗೆ ಆರು ತಾಸು ಹೆಚ್ಚುವರಿ ಪಾಠ ಮಾಡಿ ಎಲ್ಲರ ಹಾಜರಾತಿಯಲ್ಲೂ ದಾಖಲಿಸಿದರು. ಒಬ್ಬನಿಗಾಗಿ ಹಾಜರಿ ತಿದ್ದುವುದಕ್ಕೂ ಎಲ್ಲರಿಗೂ ನಿಜವಾಗಿ ಪಾಠ ಮಾಡಿ ಎಣಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮುಖ್ಯಸ್ಥೆ ಸ್ಪಷ್ಟವಾಗಿ ಹೇಳಿದ್ದರು. ಮೊದಲನೆಯದನ್ನು ಅವರು ಒಪ್ಪುತ್ತಿರಲಿಲ್ಲ, ಒಪ್ಪಬಾರದು ಕೂಡ.

ಸೆಪ್ಟೆಂಬರ್ 26ರಿಂದ ಸೆಮಿಸ್ಟರ್ ಮುಗಿಯುವವರೆಗೆ ಆ ವಿಷಯದಲ್ಲಿ ಹುಡುಗ ಒಂದು ತಾಸೂ ತಪ್ಪಿಸಲಿಲ್ಲ. ಕೊರತೆ ಪಟ್ಟಿ ಬೆಳಗಾವಿಗೆ ಹೋದಾಗ ಅವನ ಹೆಸರಿನ ಜೊತೆ ಮಾರ್ಚ್‌ನ ಅರ್ಜಿ, ಪ್ರಾಂಶುಪಾಲರ ರಜೆ ಆದೇಶ ಮತ್ತು ಆತಿಥೇಯರು ಬಂದ ದಿನ, ಹೋದ ದಿನ ನಮೂದಿಸಿ ಕೊಟ್ಟ ಪ್ರಮಾಣಪತ್ರ ಲಗತ್ತಾಗಿದ್ದವು. ಮನ್ನಾ ಸಿಕ್ಕಿತು, ಹಾಲ್ ಟಿಕೆಟ್‌ನಲ್ಲಿ ಎಲ್ಲ ವಿಷಯಗಳೂ ಬಂದವು.

ವಿಭಾಗದ ಹಳೆಯ ನಮೂನೆಯನ್ನು ಆ ಡಿಸೆಂಬರ್‌ನಲ್ಲಿ ಬದಲಿಸಿದರು. 'ಎಷ್ಟು ವಾರ' ಎಂಬ ಒಂದು ಖಾನೆಯ ಜಾಗದಲ್ಲಿ ಈಗ ಮೂರಿವೆ: ಊರಿನಲ್ಲಿರದ ದಿನಗಳು, ಅದರಲ್ಲಿ ತರಗತಿ ಇರುವ ದಿನಗಳು, ವಿಷಯವಾರು ತಪ್ಪುವ ತಾಸು. ಮೂರನೆಯದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಸೇರಿಸಿದ್ದಾರೆ: 'ಪ್ರತಿ ವಿಷಯಕ್ಕೂ ಎರಡು ತಾಸು ಹೆಚ್ಚು ಹಿಡಿದು ಲೆಕ್ಕ ಮಾಡುವುದು.'